ಫೋಟೋ ನೋಡಿ ಹುಳದ ಮನೆಯ ತೇವಾಂಶ ಹೇಳುವುದು: ಒಣ-ತೇವ ಥರ್ಮಾಮೀಟರ್ ಮತ್ತು ಕೋಷ್ಟಕ ಓದುವ ಕ್ರಮ

ಶಿಡ್ಲಘಟ್ಟದ ಕಡೆಯ ನಮ್ಮೂರಲ್ಲಿ ಅಪ್ಪ ರೇಷ್ಮೆ ಹುಳ ಮೇಯಿಸುತ್ತಾರೆ. ನಾನು ಇರುವುದು ಬೆಂಗಳೂರಲ್ಲಿ. ಚಾಕಿ, ಅಂದರೆ ಎಳೆ ಹುಳದ ಸಾಕಣೆ, ನಡೆಯುವ ದಿನಗಳಲ್ಲಿ ಮಧ್ಯಾಹ್ನ ಹೊತ್ತಿಗೆ ವಾಟ್ಸಾಪಿಗೆ ಒಂದು ಫೋಟೋ ಬರುತ್ತದೆ. ಗೋಡೆಗೆ ನೇತುಹಾಕಿದ ಹಲಗೆ, ಅದರ ಮೇಲೆ ಎರಡು ಥರ್ಮಾಮೀಟರು, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಹಿಂದೆಯೇ ಅಪ್ಪನ ಧ್ವನಿ: "ನೋಡಪ್ಪ, ತೇವ ಎಷ್ಟೈತೆ ಹೇಳು. ಒದ್ದೆ ಗೋಣಿತಾಟು ಕಟ್ಟಲಾ, ಬೇಡವಾ?"

ಈ ಪ್ರಶ್ನೆಗೆ ಫೋಟೋದಿಂದಲೇ ಸರಿಯಾದ ಉತ್ತರ ಹೇಳಬಹುದು. ಆದರೆ ಫೋಟೋ ಹೇಗೆ ತೆಗೆದಿದ್ದಾರೆ, ಬತ್ತಿ ಹೇಗಿದೆ, ಕೋಷ್ಟಕವನ್ನು ಎಲ್ಲಿ ಓದಬೇಕು ಎಂಬ ಮೂರು ಕಡೆ ಎಡವಿದರೆ ಉತ್ತರ ಹತ್ತು ಪರ್ಸೆಂಟ್ ಆಚೀಚೆ ಹೋಗುತ್ತದೆ. ಚಾಕಿ ಹುಳಕ್ಕೆ ಸಾಮಾನ್ಯವಾಗಿ 27-28 ಡಿಗ್ರಿ ಶಾಖ, 80ರಿಂದ 90 ಪರ್ಸೆಂಟ್ ತೇವಾಂಶ ಬೇಕು. ನಾಲ್ಕು-ಐದನೇ ಹಂತದ ದೊಡ್ಡ ಹುಳಕ್ಕೆ 24-25 ಡಿಗ್ರಿ, 65ರಿಂದ 75 ಪರ್ಸೆಂಟ್ ಸಾಕು. ಚಾಕಿಯಲ್ಲಿ ತೇವ ಕಡಿಮೆಯಾದರೆ ಕತ್ತರಿಸಿ ಹಾಕಿದ ಸೊಪ್ಪು ಬೇಗ ಬಾಡಿ ಹುಳ ತಿನ್ನದೆ ಬಿಡುತ್ತದೆ. ದೊಡ್ಡ ಹುಳದಲ್ಲಿ ತೇವ ಹೆಚ್ಚಾಗಿ ಮನೆ ತಂಪಾಗಿದ್ದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಇಲ್ಲಿ ಹತ್ತು ಪರ್ಸೆಂಟ್ ತಪ್ಪು ಸಣ್ಣದಲ್ಲ.

ಎರಡು ಥರ್ಮಾಮೀಟರು ಯಾಕೆ

ಎರಡೂ ಒಂದೇ ಜಾತಿಯವು. ಒಂದರ ಬಲ್ಬು ಬರಿದಾಗಿರುತ್ತದೆ, ಅದು ಕೋಣೆಯ ಶಾಖ ಹೇಳುತ್ತದೆ. ಇನ್ನೊಂದರ ಬಲ್ಬಿಗೆ ತೆಳು ಹತ್ತಿ ಬಟ್ಟೆಯ ಬತ್ತಿ ಸುತ್ತಿ, ಅದರ ಬಾಲವನ್ನು ಸಣ್ಣ ನೀರಿನ ಡಬ್ಬಿಗೆ ಇಳಿಬಿಟ್ಟಿರುತ್ತಾರೆ. ಬತ್ತಿಯ ನೀರು ಆವಿಯಾಗುವಾಗ ಬಲ್ಬಿನ ಶಾಖವನ್ನು ಕೊಂಡೊಯ್ಯುತ್ತದೆ, ಬೆವರಿದ ಮೈಗೆ ಗಾಳಿ ಸೋಕಿದರೆ ತಣ್ಣಗಾಗುವ ಹಾಗೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ತೇವದ ಥರ್ಮಾಮೀಟರು ಅಷ್ಟೂ ಕೆಳಗಿಳಿಯುತ್ತದೆ. ಗಾಳಿ ತೇವದಿಂದ ತುಂಬಿದ್ದರೆ ನೀರು ಆರುವುದೇ ಇಲ್ಲ, ಎರಡೂ ಒಂದೇ ತೋರಿಸುತ್ತವೆ.

ಹಾಗಾಗಿ ತೇವಾಂಶದ ಸುದ್ದಿ ಇರುವುದು ಎರಡರ ನಡುವಿನ ಅಂತರದಲ್ಲಿ. ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕೆಳಗೆ ಕೊಟ್ಟಿರುವ ಕೋಷ್ಟಕವನ್ನು ಒಮ್ಮೆ ಕಣ್ಣಾಡಿಸಿ.

| ಒಣ ಥರ್ಮಾಮೀಟರ್ (°ಸೆ) | ಅಂತರ 1 | ಅಂತರ 2 | ಅಂತರ 3 | ಅಂತರ 4 | ಅಂತರ 5 | ಅಂತರ 6 |
|---|---|---|---|---|---|---|
| 22 | 91 | 83 | 75 | 67 | 60 | 52 |
| 24 | 92 | 84 | 76 | 69 | 61 | 55 |
| 26 | 92 | 84 | 77 | 70 | 63 | 57 |
| 28 | 92 | 85 | 78 | 71 | 65 | 58 |
| 30 | 93 | 86 | 79 | 72 | 66 | 60 |

ಒಳಗಿನ ಸಂಖ್ಯೆಗಳು ಪರ್ಸೆಂಟಿನಲ್ಲಿ ಸಾಪೇಕ್ಷ ಆರ್ದ್ರತೆ, ಅಂದರೆ ಆ ಶಾಖದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗ ಎಷ್ಟು ಪಾಲು ಇದೆ ಎಂಬುದು. ಒಂದು ಕಂಬದಲ್ಲಿ ಮೇಲಿಂದ ಕೆಳಕ್ಕೆ ಇಳಿಯಿರಿ: ಅಂತರ 3ರ ಕಂಬದಲ್ಲಿ 22 ಡಿಗ್ರಿಯಿಂದ 30 ಡಿಗ್ರಿಗೆ ಹೋದರೂ 75 ಇದ್ದದ್ದು 79 ಆಗುತ್ತದೆ, ಅಷ್ಟೇ. ಈಗ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ನಡೆಯಿರಿ: ಒಂದೊಂದು ಡಿಗ್ರಿಗೂ ಆರರಿಂದ ಎಂಟು ಪರ್ಸೆಂಟ್ ಬೀಳುತ್ತದೆ. ಒಣ ಥರ್ಮಾಮೀಟರನ್ನು ಒಂದು ಡಿಗ್ರಿ ತಪ್ಪಾಗಿ ಓದಿ, ತೇವದ್ದನ್ನೂ ಅಷ್ಟೇ ತಪ್ಪಾಗಿ ಓದಿದರೆ ಹೆಚ್ಚು ನಷ್ಟವಿಲ್ಲ. ಒಂದನ್ನು ಮಾತ್ರ ತಪ್ಪು ಓದಿದರೆ ಕೆಲಸ ಕೆಟ್ಟಿತು. ಫೋಟೋ ತೆಗೆಯುವ ಕ್ರಮವೆಲ್ಲ ಇದರ ಮೇಲೆಯೇ ನಿಂತಿದೆ.

ಫೋಟೋ ತೆಗೆಯುವಾಗ

ಎರಡೂ ಥರ್ಮಾಮೀಟರು ಒಂದೇ ಫೋಟೋದಲ್ಲಿರಬೇಕು. ಮೊದಮೊದಲು ಅಪ್ಪ ಸ್ಪಷ್ಟವಾಗಿ ಕಾಣಲಿ ಎಂದು ಒಂದೊಂದನ್ನೂ ಹತ್ತಿರದಿಂದ ಬೇರೆಬೇರೆ ತೆಗೆದು ಕಳಿಸುತ್ತಿದ್ದರು. ಚಿತ್ರ ಚೆನ್ನಾಗಿರುತ್ತಿತ್ತು, ಲೆಕ್ಕ ಮಾತ್ರ ದಿನಕ್ಕೊಂದು ಬರುತ್ತಿತ್ತು. ಕಾರಣ ಹೀಗಿದೆ. ಗೋಡೆಗೆ ಹಾಕುವ ಇಂಥ ಉಪಕರಣದಲ್ಲಿ ಗಾಜಿನ ಕೊಳವೆ ಮುಂದಿರುತ್ತದೆ, ಅಂಕಿ ಬರೆದ ಹಲಗೆ ಅದರ ಹಿಂದೆ ಎರಡು-ಮೂರು ಮಿಲಿಮೀಟರ್ ದೂರದಲ್ಲಿರುತ್ತದೆ. ಮೇಲಿನಿಂದ ನೋಡಿದರೆ ದ್ರವದ ತುದಿ ಹಲಗೆಯ ಮೇಲೆ ಕೆಳಗಿನ ಗೆರೆಗೆ ಸರಿದಂತೆ ಕಾಣುತ್ತದೆ, ಕೆಳಗಿನಿಂದ ನೋಡಿದರೆ ಮೇಲಿನ ಗೆರೆಗೆ. ಕೊಳವೆ ಹಲಗೆಯಿಂದ 3 ಮಿ.ಮೀ. ಮುಂದಿದೆ, ಕ್ಯಾಮೆರಾ 20 ಸೆಂ.ಮೀ. ದೂರದಲ್ಲಿ, ದ್ರವದ ತುದಿಗಿಂತ 10 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. ಆಗ ತುದಿ ಒಂದೂವರೆ ಮಿಲಿಮೀಟರ್ ಕೆಳಗೆ ಕಾಣುತ್ತದೆ. ಒಂದು ಡಿಗ್ರಿಗೆ ಎರಡು ಮಿಲಿಮೀಟರ್ ಇರುವ ಹಲಗೆಯಲ್ಲಿ ಅದು ಮುಕ್ಕಾಲು ಡಿಗ್ರಿ.

ಎರಡೂ ಒಂದೇ ಫೋಟೋದಲ್ಲಿದ್ದರೆ ಎರಡೂ ಮುಕ್ಕಾಲು ಡಿಗ್ರಿ ಕಡಿಮೆ ಕಾಣುತ್ತವೆ, ಅಂತರ ಹಾಗೇ ಉಳಿಯುತ್ತದೆ, ತೇವಾಂಶದಲ್ಲಿ ಅರ್ಧ ಪರ್ಸೆಂಟಿನಷ್ಟೂ ವ್ಯತ್ಯಾಸವಾಗುವುದಿಲ್ಲ. ಒಂದನ್ನು ಮೇಲಿನಿಂದ, ಇನ್ನೊಂದನ್ನು ನೇರದಿಂದ ತೆಗೆದರೆ ಆ ಮುಕ್ಕಾಲು ಡಿಗ್ರಿ ಪೂರ್ತಿ ಅಂತರಕ್ಕೇ ಸೇರಿಕೊಂಡು ಐದಾರು ಪರ್ಸೆಂಟ್ ತಿಂದುಬಿಡುತ್ತದೆ. ನೇರ ಮಟ್ಟದಲ್ಲಿ ತೆಗೆದರೆ ಇನ್ನೂ ಒಳ್ಳೆಯದು, ಸಂಶಯವಿಲ್ಲ. ನೆನಪಿಡಿ, ಇಲ್ಲಿ ಮುಖ್ಯವಾಗುವುದು ಲೆನ್ಸ್ ಇರುವ ಎತ್ತರ. ಫೋನನ್ನು ಓರೆ ಮಾಡಿ ಹಿಡಿದ ಮಾತ್ರಕ್ಕೆ ಮೇಲಿಂದ ನೋಡಿದ ತಪ್ಪು ಸರಿಹೋಗದು. ಕೈಯನ್ನೇ ದ್ರವದ ಮಟ್ಟಕ್ಕೆ ಇಳಿಸಬೇಕು.

ಹತ್ತಿರ ಹೋಗುವುದಕ್ಕಿಂತ ಅರ್ಧ ಮೀಟರಿನಷ್ಟು ದೂರ ನಿಂತು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಇದರಿಂದ ಎರಡು ಲಾಭ. ಓರೆನೋಟದ ತಪ್ಪು ಕಡಿಮೆಯಾಗುತ್ತದೆ, ಜೊತೆಗೆ ನಿಮ್ಮ ಉಸಿರು ಮತ್ತು ಮೈಶಾಖ ಬಲ್ಬಿಗೆ ತಾಗುವುದಿಲ್ಲ. ಬಲ್ಬಿನ ಮುಂದೆ ನಿಂತು ಫೋಕಸ್ ಸರಿಮಾಡುತ್ತಾ ಒಂದು ನಿಮಿಷ ಕಳೆದರೆ ಒಣ ಥರ್ಮಾಮೀಟರು ಏರತೊಡಗುತ್ತದೆ. ಫ್ಲ್ಯಾಶ್ ಹಾಕಬೇಡಿ, ಗಾಜಿನ ಮೇಲೆ ಬಿಳಿ ಚುಕ್ಕೆ ಹೊಳೆದು ದ್ರವದ ತುದಿಯನ್ನೇ ಮುಚ್ಚುತ್ತದೆ. ಕತ್ತಲಿದ್ದರೆ ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ.

ಚೌಕಟ್ಟಿನಲ್ಲಿ ಬಲ್ಬುಗಳು, ಬತ್ತಿ, ನೀರಿನ ಡಬ್ಬಿ ಕೂಡ ಬರಲಿ. ಬತ್ತಿ ಕಾಣದ ಫೋಟೋ ಬಂದರೆ ನಾನು ಉತ್ತರ ಹೇಳುವುದಿಲ್ಲ, ಮತ್ತೊಂದು ತೆಗೆಸುತ್ತೇನೆ. ಇನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಸಣ್ಣ ಗೆರೆಗಳು ಅಳಿಸಿಹೋಗಬಹುದು. ಡಾಕ್ಯುಮೆಂಟ್ ಅಂತ ಕಳಿಸಿದರೆ ಪೂರ್ತಿ ಉಳಿಯುತ್ತದೆ.

ಬತ್ತಿಯನ್ನು ಮೊದಲು ನೋಡಿ, ಅಂಕಿಯನ್ನು ಆಮೇಲೆ

ಫೋಟೋ ಬಂದ ಕೂಡಲೇ ಕಣ್ಣು ಅಂಕಿಗೆ ಓಡುತ್ತದೆ. ಅದನ್ನು ತಡೆದು ಬತ್ತಿಯನ್ನು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಯಾಕೆಂದರೆ ಬತ್ತಿಯ ದೋಷಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ. ನೀರು ಮುಗಿದಿರಲಿ, ಬತ್ತಿಗೆ ಧೂಳು ಕೂತಿರಲಿ, ಬೋರ್‌ವೆಲ್ ನೀರಿನ ಉಪ್ಪು ಗಟ್ಟಿಕಟ್ಟಿರಲಿ, ಬಟ್ಟೆ ದಪ್ಪವಾಗಿರಲಿ, ಎಲ್ಲದರಲ್ಲೂ ನೀರು ಆರುವುದು ಕಡಿಮೆಯಾಗುತ್ತದೆ, ತೇವದ ಥರ್ಮಾಮೀಟರು ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಅಂತರ ಕಿರಿದಾಗುತ್ತದೆ, ಕೋಷ್ಟಕ ಇರುವುದಕ್ಕಿಂತ ಹೆಚ್ಚು ತೇವ ಹೇಳುತ್ತದೆ. ಒಣ 27, ತೇವ 24 ಇರಬೇಕಾದ ಕಡೆ ಬತ್ತಿ ಅರೆ ಒಣಗಿ ತೇವದ್ದು 25.5 ತೋರಿಸಿದರೆ 77 ಇರುವ ಮನೆ 88 ಎಂದು ಕಾಣುತ್ತದೆ. ಬತ್ತಿ ಪೂರ್ತಿ ಒಣಗಿದರೆ ಎರಡೂ ಒಂದೇ ಆಗಿ 100 ಎಂದೇ ಬರುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹೀಗೇ ಆಯಿತು. ಅಂಕಿ ನೋಡಿ ಸಾಕಷ್ಟು ತೇವ ಇದೆ ಎಂದು ಸುಮ್ಮನಿದ್ದೆವು, ಆದರೆ ಹಾಕಿದ ಎಳೆ ಸೊಪ್ಪು ಎರಡು ಗಂಟೆಯೊಳಗೆ ಮುರುಟಿಹೋಗಿತ್ತು. ಸೊಪ್ಪು ಹೇಳಿದ್ದೇ ಸರಿ, ಥರ್ಮಾಮೀಟರು ಹೇಳಿದ್ದು ತಪ್ಪು.

ಫೋಟೋದಲ್ಲಿ ಗುರುತಿಸುವುದು ಹೀಗೆ. ನೆನೆದ ಬತ್ತಿ ಬಣ್ಣದಲ್ಲಿ ಸ್ವಲ್ಪ ಗಾಢವಾಗಿ, ಬಲ್ಬಿಗೆ ಅಂಟಿಕೊಂಡು ಮಿನುಗುತ್ತದೆ. ಒಣಗಿದ್ದು ಬಿಳಿಚಿಕೊಂಡು ಉಬ್ಬಿರುತ್ತದೆ. ಉಪ್ಪು ಕಟ್ಟಿದ್ದರೆ ಅಂಚಿನಲ್ಲಿ ಬಿಳಿ ಪುಡಿ ಅಥವಾ ಹಳದಿ ಗಟ್ಟಿ ಕಾಣುತ್ತದೆ. ಡಬ್ಬಿಯ ನೀರು ಬತ್ತಿಯ ಬಾಲಕ್ಕೆ ತಾಗುತ್ತಿದೆಯೇ ನೋಡಿ. ಸಂಶಯ ಬಂದರೆ ಬತ್ತಿಗೆ ನೀರು ಹನಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೊಂದು ಫೋಟೋ ತೆಗೆಸಿ. ಎರಡನೆಯದರಲ್ಲಿ ತೇವದ್ದು ಕೆಳಗಿಳಿದಿದ್ದರೆ ಮೊದಲಿನದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನೀರು ಹಾಕಿದ ತಕ್ಷಣದ ಫೋಟೋವನ್ನೂ ನಂಬಬೇಡಿ, ಆಗ ಅದು ತೋರಿಸುವುದು ಸುರಿದ ನೀರಿನ ಶಾಖವನ್ನು.

ಡಬ್ಬಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಶುದ್ಧವಾಗಿ ಹಿಡಿದ ಮಳೆನೀರು ಒಳ್ಳೆಯದು. ಹೊಸ ಬಟ್ಟೆಯಾದರೆ ಗಂಜಿ ಹೋಗುವವರೆಗೆ ಕುದಿಸಿ ತೊಳೆದೇ ಕಟ್ಟಿ, ಗಂಜಿ ಇದ್ದರೆ ಬಟ್ಟೆ ನೀರನ್ನು ಮೇಲಕ್ಕೆ ಎಳೆಯುವುದಿಲ್ಲ. ಹುಳದ ಮನೆಯಲ್ಲಿ ಸುಣ್ಣದ ಪುಡಿ ಹಾರುವುದರಿಂದ ನಾವು ಬತ್ತಿಯನ್ನು ಪ್ರತಿ ಬೆಳೆಗೂ ಬದಲಿಸುತ್ತೇವೆ.

ಅಂಕಿ ಓದುವುದು

ಹಲಗೆಯ ಒಂದು ಪಕ್ಕ ಸೆಲ್ಸಿಯಸ್, ಇನ್ನೊಂದು ಪಕ್ಕ ಫ್ಯಾರನ್‌ಹೀಟ್ ಇರುವುದು ಸಾಮಾನ್ಯ. 80ರ ಆಸುಪಾಸಿನ ಅಂಕಿ ಕಂಡರೆ ಅದು ಫ್ಯಾರನ್‌ಹೀಟ್. ಮೇಲಿನ ಕೋಷ್ಟಕ ಸೆಲ್ಸಿಯಸ್ಸಿಗೆ ಮಾತ್ರ. 3 ಡಿಗ್ರಿ ಸೆಲ್ಸಿಯಸ್ ಅಂತರ ಫ್ಯಾರನ್‌ಹೀಟಿನಲ್ಲಿ 5.4 ಆಗುತ್ತದೆ, ಎರಡನ್ನು ಬೆರೆಸಿದರೆ ಉತ್ತರ ಪೂರ್ತಿ ಹಾಳು. ಉಪಕರಣದ ಹಲಗೆಯ ಮೇಲೇ ಅಚ್ಚಾಗಿರುವ ಕೋಷ್ಟಕ ಬಳಸುವುದಾದರೂ ಅದು ಯಾವುದಕ್ಕೆ ಎಂದು ಮೊದಲು ನೋಡಿಕೊಳ್ಳಿ.

ಆಮೇಲೆ 20 ಮತ್ತು 30ರ ನಡುವೆ ಸಣ್ಣ ಗೆರೆಗಳಿಂದಾದ ಮನೆಗಳು ಎಷ್ಟಿವೆ ಎಣಿಸಿ. ಹತ್ತು ಮನೆ ಇದ್ದರೆ ಒಂದಕ್ಕೆ ಒಂದು ಡಿಗ್ರಿ, ಇಪ್ಪತ್ತಿದ್ದರೆ ಅರ್ಧ, ಐದಿದ್ದರೆ ಎರಡು. ಕೆಂಪು ದ್ರವದ ಥರ್ಮಾಮೀಟರಿನಲ್ಲಿ ತುದಿ ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ, ತಗ್ಗಿನ ತಳವನ್ನು ಓದಿ. ಪಾದರಸದ್ದರಲ್ಲಿ ತುದಿ ಗುಮ್ಮಟದ ಹಾಗೆ ಉಬ್ಬಿರುತ್ತದೆ, ಉಬ್ಬಿನ ಮೇಲ್ತುದಿಯನ್ನು ಓದಿ. ಕೆಂಪು ದ್ರವ ನಡುವೆ ತುಂಡಾಗಿ ಸಣ್ಣ ಖಾಲಿ ಜಾಗ ಕಂಡರೆ ಆ ಥರ್ಮಾಮೀಟರಿನ ಅಂಕಿಗೆ ಅರ್ಥವಿಲ್ಲ.

ತುದಿ ಎರಡು ಗೆರೆಗಳ ನಡುವೆ ನಿಂತಾಗ ಕಣ್ಣಂದಾಜಿಗಿಂತ ಫೋಟೋದ ಪಿಕ್ಸೆಲ್ ಎಣಿಸುವುದು ನಿಖರ. ಕಂಪ್ಯೂಟರಿನಲ್ಲಿ ಯಾವುದಾದರೂ ಚಿತ್ರ ತಿದ್ದುವ ಪ್ರೋಗ್ರಾಂ ತೆರೆದು ಮೌಸನ್ನು ಒಂದೊಂದು ಜಾಗಕ್ಕೆ ಒಯ್ದರೆ ಮೇಲಿಂದ ಎಷ್ಟನೇ ಪಿಕ್ಸೆಲ್ ಎಂದು ತೋರಿಸುತ್ತದೆ. ಮೊದಲು ಫೋಟೋವನ್ನು ತಿರುಗಿಸಿ ಹಲಗೆಯನ್ನು ನೆಟ್ಟಗೆ ಮಾಡಿಕೊಳ್ಳಿ. ಪ್ರತಿ ಥರ್ಮಾಮೀಟರಿಗೂ ಅದರದೇ ಪಟ್ಟಿಯ ಗೆರೆ ಬಳಸಿ, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ. ದ್ರವದ ತುದಿಗೆ ಹತ್ತಿರದ ಎರಡು ದೊಡ್ಡ ಗೆರೆಗಳೇ ಸಾಕು. 0 ಮತ್ತು 50ರ ಗೆರೆಗಳನ್ನು ಹಿಡಿದರೆ ಓರೆ ಫೋಟೋದಲ್ಲಿ ಮೇಲಿನ ಮನೆಗಳು, ಕೆಳಗಿನ ಮನೆಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ.

ಒಂದು ಫೋಟೋದ ಲೆಕ್ಕ

ಎರಡನೇ ಹಂತದ ಹುಳ ಇದ್ದ ದಿನ, ಮಧ್ಯಾಹ್ನ ಎರಡು ಗಂಟೆಯ ಫೋಟೋ. ಬತ್ತಿ ನೆನೆದಿತ್ತು, ಡಬ್ಬಿಯಲ್ಲಿ ನೀರಿತ್ತು. ಒಣ ಥರ್ಮಾಮೀಟರಿನಲ್ಲಿ 20ರ ಗೆರೆ ಮೇಲಿಂದ 1840ನೇ ಪಿಕ್ಸೆಲ್‌ನಲ್ಲಿ, 30ರ ಗೆರೆ 1240ರಲ್ಲಿ. ಹತ್ತು ಡಿಗ್ರಿಗೆ 600, ಅಂದರೆ ಒಂದು ಡಿಗ್ರಿಗೆ 60. ದ್ರವದ ತುದಿ 1432ರಲ್ಲಿ. 1840ರಲ್ಲಿ 1432 ಕಳೆದರೆ 408, ಅದನ್ನು 60ರಿಂದ ಭಾಗಿಸಿದರೆ 6.8. ಒಣದ್ದು 26.8 ಡಿಗ್ರಿ. ತೇವದ್ದರಲ್ಲಿ 20ರ ಗೆರೆ 1846, 30ರದ್ದು 1246, ತುದಿ 1624. ವ್ಯತ್ಯಾಸ 222, 60ರಿಂದ ಭಾಗಿಸಿದರೆ 3.7. ತೇವದ್ದು 23.7. ಅಂತರ 3.1.

ಕೋಷ್ಟಕದಲ್ಲಿ 26ರ ಸಾಲಿಗೆ ಬನ್ನಿ. ಅಂತರ 3ಕ್ಕೆ 77, 4ಕ್ಕೆ 70. ಒಂದು ಡಿಗ್ರಿಗೆ 7 ಇಳಿದರೆ 0.1ಕ್ಕೆ 0.7, ಹಾಗಾಗಿ 3.1ಕ್ಕೆ 76.3. ಅದೇ ರೀತಿ 28ರ ಸಾಲಿನಲ್ಲಿ 77.3. ನಮ್ಮ 26.8 ಇವೆರಡರ ನಡುವೆ, 26ಕ್ಕೆ ಸ್ವಲ್ಪ ಹತ್ತಿರ. ಉತ್ತರ 77.

ಚಾಕಿಗೆ 80 ಬೇಕು, 77 ಇದೆ, ಇನ್ನೊಂದು ಒದ್ದೆ ಗೋಣಿತಾಟು ಕಟ್ಟಿ ಎನ್ನಬೇಕಿತ್ತು. ಆದರೆ ಈ ಜೋಡಿಯ ಒಂದು ಗುಣ ನಮಗೆ ಗೊತ್ತಿತ್ತು. ಬೆಳೆ ಶುರುವಾಗುವ ಮುಂಚೆ ಬತ್ತಿ ಬಿಚ್ಚಿ, ಎರಡೂ ಬಲ್ಬುಗಳನ್ನು ಬರಿದು ಮಾಡಿ ಅರ್ಧ ಗಂಟೆ ಬಿಟ್ಟು ಫೋಟೋ ತೆಗೆಸಿದ್ದೆ. ಎರಡೂ ಒಂದೇ ತೋರಿಸಬೇಕು. ಒಂದು 27 ಎಂದರೆ ಇನ್ನೊಂದು 26.5 ಎಂದಿತ್ತು. ಅಂದರೆ ಬತ್ತಿ ಕಟ್ಟುವ ಥರ್ಮಾಮೀಟರು ಜೊತೆಯದಕ್ಕಿಂತ ಯಾವಾಗಲೂ ಅರ್ಧ ಡಿಗ್ರಿ ಕಡಿಮೆ ಹೇಳುತ್ತದೆ. ಹಾಗಾಗಿ 23.7ಕ್ಕೆ 0.5 ಕೂಡಿಸಿ 24.2. ಅಂತರ 2.6. ಈಗ 26ರ ಸಾಲಿನಲ್ಲಿ 84ರಿಂದ 77ಕ್ಕೆ ಇಳಿಯುವ ದಾರಿಯಲ್ಲಿ 0.6 ಭಾಗ ಹೋದರೆ 79.8, 28ರ ಸಾಲಿನಲ್ಲಿ 80.8. ಉತ್ತರ 80. ಅಗ್ಗದ ಜೋಡಿಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ಈ ಬರಿಬಲ್ಬಿನ ಪರೀಕ್ಷೆಯನ್ನು ಹೊಸದನ್ನು ತಂದ ದಿನವೇ ಮಾಡಿ, ವ್ಯತ್ಯಾಸವನ್ನು ಹಲಗೆಯ ಹಿಂದೆ ಪೆನ್ನಿನಿಂದ ಬರೆದಿಡಿ.

80 ಎಂದರೂ ಕರಾರುವಾಕ್ಕಾಗಿ 80 ಅಲ್ಲ. ಒಂದೊಂದು ಓದಿನಲ್ಲಿ ಕಾಲು ಡಿಗ್ರಿ ತಪ್ಪಿದರೆ, ಅವು ವಿರುದ್ಧ ದಿಕ್ಕಿಗೆ ಬಿದ್ದರೆ ಅಂತರದಲ್ಲಿ ಅರ್ಧ ಡಿಗ್ರಿ, ತೇವಾಂಶದಲ್ಲಿ ಮೂರೂವರೆ ಪರ್ಸೆಂಟ್. ನಾನು ಅಪ್ಪನಿಗೆ "ಎಂಬತ್ತರ ಹತ್ತಿರ ಐತೆ" ಎನ್ನುತ್ತೇನೆಯೇ ಹೊರತು ಪಾಯಿಂಟ್ ಹಾಕಿ ಹೇಳುವುದಿಲ್ಲ.

ಕೋಷ್ಟಕ ಎಲ್ಲಿಯವರೆಗೆ ಸಲ್ಲುತ್ತದೆ

ಈ ಕೋಷ್ಟಕವನ್ನು ನಾನು ಫ್ಯಾನಿಲ್ಲದ ಕೋಣೆಗೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಬಯಲುಸೀಮೆಗೆ ಲೆಕ್ಕ ಹಾಕಿದ್ದು. ಅಲ್ಲಿ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಬೇರೆ ಎತ್ತರದವರು, ಅಥವಾ ಇಲ್ಲಿಲ್ಲದ ಶಾಖಕ್ಕೆ ಬೇಕಾದವರು ಇದೇ ಸೂತ್ರದಿಂದ ತಮ್ಮ ಕೋಷ್ಟಕ ಮಾಡಿಕೊಳ್ಳಬಹುದು. ಇದರಲ್ಲಿ `T` ಒಣದ್ದು, `Tw` ತೇವದ್ದು, `P` ಹೆಕ್ಟೋಪಾಸ್ಕಲ್‌ನಲ್ಲಿ ಗಾಳಿಯ ಒತ್ತಡ, `es` ಒಂದು ಶಾಖದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯ ಒತ್ತಡ, `e` ಈಗ ಇರುವ ನೀರಾವಿಯ ಒತ್ತಡ, `RH` ಪರ್ಸೆಂಟಿನಲ್ಲಿ ತೇವಾಂಶ:

```
es(t) = 6.112 * exp(17.62*t / (243.12 + t))
e  = es(Tw) - 0.000799 * P * (T - Tw)
RH = 100 * e / es(T)
```

ಮಂಗಳೂರಿನಂಥ ಸಮುದ್ರಮಟ್ಟದ ಊರಿಗೆ ಇದೇ ಕೋಷ್ಟಕ ಬಳಸಿದರೂ ಅಂತರ 6 ಇರುವಾಗ ಒಂದೆರಡು ಪರ್ಸೆಂಟ್ ಹೆಚ್ಚು ತೋರಿಸೀತು, ಅಂತರ 3ರ ಒಳಗೆ ಅದೂ ಗೊತ್ತಾಗುವುದಿಲ್ಲ. ಬಲ್ಬಿಗೆ ಫ್ಯಾನಿನ ಗಾಳಿ ನೇರ ಬೀಸುತ್ತಿದ್ದರೆ 0.000799 ಬದಲು 0.000662 ಹಾಕಬೇಕು. ಆಗ ಅದೇ ಅಂತರಕ್ಕೆ ಒಂದೆರಡು ಪರ್ಸೆಂಟ್ ಹೆಚ್ಚು ತೇವಾಂಶ ಬರುತ್ತದೆ. ಇವುಗಳಿಗಿಂತ ಹೆಚ್ಚು ಕಾಡುವುದು ಗಾಳಿಯೇ ಆಡದ ಮೂಲೆ. ಪ್ಲಾಸ್ಟಿಕ್ ಹಾಳೆ ಕಟ್ಟಿದ ಚಾಕಿ ಕೋಣೆಯಲ್ಲಿ ಬತ್ತಿಯ ಸುತ್ತ ಅದರದೇ ಆವಿ ನಿಂತು ಥರ್ಮಾಮೀಟರು ಇಳಿಯುವುದಿಲ್ಲ. ಅಂಥ ಕಡೆ ಫೋಟೋಗೆ ಮುಂಚೆ ಎರಡು-ಮೂರು ನಿಮಿಷ ಬೀಸಣಿಗೆಯಿಂದ ಮೆಲ್ಲಗೆ ಬೀಸಿ, ತೇವದ್ದು ಇಳಿಯುವುದು ನಿಂತ ಮೇಲೆ ಕ್ಲಿಕ್ಕಿಸಿ. ಉಪಕರಣ ಹುಳದ ತಟ್ಟೆಗಳ ಎತ್ತರದಲ್ಲೇ ಇರಲಿ. ಬಾಗಿಲ ಬಳಿ, ಬಿಸಿಲು ಬೀಳುವ ಕಡೆ, ಇದ್ದಿಲ ಒಲೆಯ ಮೇಲೆ, ಒದ್ದೆ ಗೋಣಿತಾಟಿನ ಪಕ್ಕದಲ್ಲಿ ಇದ್ದರೆ ಅದು ಆ ಜಾಗದ ತೇವ ಹೇಳೀತೇ ಹೊರತು ಹುಳ ಇರುವ ಜಾಗದ್ದಲ್ಲ.

ಆ ದಿನ ಎರಡು ಗಂಟೆಗೆ ಅಪ್ಪನಿಗೆ ಗೋಣಿತಾಟು ಬೇಡ ಎಂದೆ. ಸಂಜೆ ಆರೂವರೆಗೆ ಇನ್ನೊಂದು ಫೋಟೋ ಬಂತು. ಒಣದ್ದು 26, ತೇವದ್ದು 23.5, ಅರ್ಧ ಕೂಡಿಸಿದರೆ 24. ಅಂತರ 2, ಕೋಷ್ಟಕದಲ್ಲಿ 84. ಅಪ್ಪ ಕೇಳಿದರು, "ನಾನೇನೂ ನೀರು ಚಿಮುಕಿಸಿಲ್ಲವಲ್ಲ, ಹೆಂಗೆ ಏರ್ತು?" ನೀರಾವಿ ಒಂದಿಷ್ಟೂ ಹೆಚ್ಚಿರಲಿಲ್ಲ. ಎರಡು ಗಂಟೆಗೆ 26.8 ಡಿಗ್ರಿಯಲ್ಲಿ 80 ಪರ್ಸೆಂಟಾಗಿದ್ದ ಅದೇ ಆವಿ, ಕೋಣೆ 26ಕ್ಕೆ ತಣ್ಣಗಾದಾಗ 84 ಆಗಿತ್ತು. ಮಧ್ಯಾಹ್ನ ಇನ್ನೊಂದು ತಾಟು ಕಟ್ಟಿದ್ದರೆ ಆ ಹೊತ್ತಿಗೆ 90 ದಾಟುತ್ತಿತ್ತೇನೋ. ಮಾರನೆಯ ದಿನ ಹುಳ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂರುವುದಿತ್ತು, ಜ್ವರದಲ್ಲಿ ಹಾಸಿಗೆ ಒಣಗಿರಬೇಕು. ರಾತ್ರಿ ಇದ್ದ ತಾಟುಗಳನ್ನೂ ಅಪ್ಪ ಬಿಚ್ಚಿಟ್ಟರು.